ಆ ಸೀರೆ ಯಾರದು?

ಸರ, 22 ನಿಮಿಷದ ಕಿರುಚಿತ್ರ ಮಾಡೇನಿ. ಬಾಗಲಕೋಟೆ ನವನಗರದಾಗ 14 ಮಂದಿಗೆ ರಫ್ ಕಟ್ ತೋರಿಸಿದೆ. ಕೊನೀ ದೃಶ್ಯ ತಿಳೀಲಿಲ್ಲ ಅಂದ್ರು. ಒಬ್ಬರು ವಾಯ್ಸ್ ಓವರ್ ಹಾಕು ಅಂತಾರ, ಇನ್ನೊಬ್ಬರು ಆ ದೃಶ್ಯಾನ ತೆಗಿ ಅಂತಾರ. ಯಾರ ಮಾತು ಕೇಳಲಿ?
— ಓದುಗ, ಇಳಕಲ್ಲ

ನೀವು ಕಳಿಸಿದ ಕಟ್ ಮತ್ತು ಟಿಪ್ಪಣಿ ಎರಡನ್ನೂ ನೋಡಿದೆ. ಕೊನೆಯ ದೃಶ್ಯ ತೆಗೆಯಬೇಡಿ. ನೋಡುಗರು ಹೇಳಿದ ಮದ್ದನ್ನು ಬಿಟ್ಟು, ಅವರು ಕೇಳಿದ ಪ್ರಶ್ನೆಯನ್ನಷ್ಟೇ ಹಿಡಿಯಿರಿ. ಮದ್ದು ಒಬ್ಬೊಬ್ಬರದು ಒಂದೊಂದು. ಪ್ರಶ್ನೆ ಮಾತ್ರ ಹದಿನಾಲ್ಕರಲ್ಲಿ ಆರು ಜನರದೂ ಒಂದೇ: "ಆ ಸೀರಿ ಯಾರದ್ರೀ?"

ಉತ್ತರ ಮೂರನೇ ನಿಮಿಷದಲ್ಲೇ ಇದೆ. ಅಜ್ಜಿ ಟ್ರಂಕು ತೆರೆದು, ತೀರಿಹೋದ ಮಗಳ, ಅಂದರೆ ಕಥೆಯ ಹುಡುಗಿಯ ತಾಯಿಯ, ಸೀರೆ ಎತ್ತುತ್ತಾಳೆ. ಆದರೆ ಆ ಶಾಟ್ ಎರಡು ಸೆಕೆಂಡೂ ನಿಲ್ಲುವುದಿಲ್ಲ. ಅದರ ಮೇಲೆಯೇ ಹೊರಗಿನಿಂದ ಅಪ್ಪ ಸಾಲದ ಲೆಕ್ಕ ಹೇಳುವ ದನಿ ಬೇರೆ. ಕಿವಿ ಮಾತಿಗೆ ಹೋದರೆ ಕಣ್ಣು ಸಡಿಲವಾಗುತ್ತದೆ. ಮೊದಲ ಸಲ ನೋಡಿದಾಗ ನನಗೂ ನೆನಪುಳಿದದ್ದು ಸಾಲವೇ, ಸೀರೆಯಲ್ಲ. ಶೂಟಿಂಗ್‌ನಲ್ಲಿ ಆ ಸೀರೆ ಮಡಚಿಟ್ಟವರು ನೀವು, ಹಾಗಾಗಿ ನಿಮಗೆ ಈ ಕೊರತೆ ಕಾಣಲು ಸಾಧ್ಯವೇ ಇಲ್ಲ.

ಅಪ್ಪನ ಮಾತನ್ನು ಟ್ರಂಕು ಮುಚ್ಚಿದ ಮೇಲೆ ಬರುವಂತೆ ಸರಿಸಿ. ಶಾಟನ್ನು ನಾಲ್ಕೈದು ಸೆಕೆಂಡು ನಿಲ್ಲಿಸಿ. ಇಷ್ಟೇ ಸಾಲದು. ಕೆಂಪು ಸೆರಗು, ಬಿಳಿ ಪಟ್ಟಿಯ ನಿಮ್ಮ ಊರಿನ ಸೀರೆಗಳೆಲ್ಲ ಹೊರಗಿನವರಿಗೆ ಒಂದೇ ಥರ. ಕೊನೆಯಲ್ಲಿ ಮಗ್ಗದ ಪಕ್ಕ ಅದನ್ನು ಕಂಡವರು "ಹೊಸದು ನೇಯ್ದಾರ" ಎಂದುಕೊಂಡದ್ದರಲ್ಲಿ ತಪ್ಪಿಲ್ಲ. ಸೆರಗಿನ ಅಂಚಿನ ಅರಿಶಿನದ ಕಲೆಯ ಮೇಲೆ ಅಜ್ಜಿ ಬೆರಳಾಡಿಸುವ ಶಾಟ್ ಕೈಬಿಟ್ಟಿದ್ದೀರಂತಲ್ಲ, ಅದೇ ಬೇಕು. ಕೊನೆಯಲ್ಲೂ ಆ ಕಲೆಯನ್ನು ಅಷ್ಟೇ ಹತ್ತಿರದಿಂದ ತೋರಿಸಿ.

ಹುಡುಗಿ ಬಸ್ಸಿನಿಂದ ಯಾಕೆ ಇಳಿದಳು ಎಂದು ಮೂವರು ಕೇಳಿದ್ದಾರೆ. ಅದನ್ನು ಹಾಗೇ ಬಿಡಿ. ಹನ್ನೆರಡನೇ ನಿಮಿಷಕ್ಕೆ ಅವರಿಗೇ ಉತ್ತರ ಸಿಕ್ಕಿದೆ, ಅಲ್ಲಿಯವರೆಗೆ ಅವರು ಕಣ್ಣು ಕೀಳದೆ ನೋಡಿದ್ದಾರೆ. ಅದು ಕುತೂಹಲ. ಸೀರೆಯದು ಚಿತ್ರ ಮುಗಿದರೂ ಬಿಡಿಸದ ಗಂಟು.

ಮುಂದಿನ ಸಲ ಹೊಸಬರು ಬೇಕು. ಹಳಬರಿಗೆ ಸೀರೆಯ ಗುಟ್ಟು ಈಗ ಗೊತ್ತು. ಎಂಟು ಹತ್ತು ಜನ ಸಾಕು, ನೆಂಟರು ಬೇಡ. ಸಂಗೀತ, ಬಣ್ಣ ಇನ್ನೂ ಆಗಿಲ್ಲ ಎಂದಷ್ಟೇ ಹೇಳಿ, ಕಥೆಯ ಬಗ್ಗೆ ತುಟಿ ಬಿಚ್ಚಬೇಡಿ. ಚಿತ್ರ ಮುಗಿದ ಕೂಡಲೇ, ಯಾರೂ ಬಾಯಿ ತೆರೆಯುವ ಮೊದಲು, ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆಸಿಕೊಳ್ಳಿ. ಮೊದಲು ಚರ್ಚೆಗೆ ಬಿಟ್ಟರೆ ಗಟ್ಟಿ ದನಿಯವನ ಅಭಿಪ್ರಾಯವೇ ಎಲ್ಲರದೂ ಆಗಿಬಿಡುತ್ತದೆ. ಸೀರೆಯ ಮಾತು ನೀವಾಗಿ ಎತ್ತಬೇಡಿ. ಎಷ್ಟು ಹಾಳೆಗಳಲ್ಲಿ "ಅವ್ವನ ಸೀರಿ" ಅಂತ ಅದಾಗೇ ಬಂದಿದೆ ಎಣಿಸಿ, ನನಗೆ ಬರೆಯಿರಿ.

— ಸಂಪಾದಕ