ವಿಶ್ರಾಂತಿಯ ಸಾಲ ತೀರಿಸಬೇಡಿ

“ಭಾನುವಾರ ಒಂದು ಗಂಟೆ ಸುಮ್ಮನೆ ಕೂತರೂ ಏನೋ ತಪ್ಪು ಮಾಡ್ತಿದ್ದೀನಿ ಅನ್ಸುತ್ತೆ. ಈ ಗಿಲ್ಟ್ ಇಲ್ಲದೆ ರೆಸ್ಟ್ ಮಾಡೋದು ಹೇಗೆ?”

ಗಿಲ್ಟ್ ಹೋಗಲಿ, ಆಮೇಲೆ ಕೂರೋಣ ಅಂತ ಕಾಯಬೇಡಿ. ಅದು ಮೊದಲು ಹೋಗುವುದಿಲ್ಲ, ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಕೂರುವುದನ್ನು ಕಲಿಯಬೇಕು. ನಾನು ಇದನ್ನು ಉಲ್ಟಾ ಮಾಡಿ ವರ್ಷಗಳನ್ನು ಕಳೆದೆ.

ನಾನು ವಿಶ್ರಾಂತಿಯನ್ನು ದುಡಿದು ಪಡೆಯುತ್ತಿದ್ದೆ. ಬಟ್ಟೆ ಒಗೆದು, ದೋಸೆಗೆ ರುಬ್ಬಿಟ್ಟು, ಆಫೀಸಿನ ಬಾಕಿ ಮೇಲ್‌ಗಳಿಗೆ ಉತ್ತರಿಸಿದ ಮೇಲೆ ಮಾತ್ರ ಒಂದು ಗಂಟೆ ಕೂರುವ ಹಕ್ಕು. ಕೂತಾಗಲೂ ಮಡಿಲಲ್ಲಿ ಸುಲಿಯಲು ಅವರೆಕಾಯಿ ಇರಬೇಕು. ಅಷ್ಟಾದರೂ ರಾತ್ರಿ ಅರ್ಧ ಗಂಟೆ ತಡವಾಗಿ ಮಲಗಿ ಇನ್ನೇನೋ ಕೆಲಸ ಮಾಡಿ ಲೆಕ್ಕ ಸರಿಮಾಡುತ್ತಿದ್ದೆ. ಇದನ್ನು ಶಿಸ್ತು ಅಂದುಕೊಂಡಿದ್ದೆ. ಆಮೇಲೆ ಕಾಲು ಮುರಿದು ಆರು ವಾರ ಮಂಚ ಹಿಡಿದೆ. ಮೊದಲೇ ದುಡಿದಿಟ್ಟಿರಲಿಲ್ಲ, ಆಮೇಲೆ ತೀರಿಸುವ ದಾರಿಯೂ ಇರಲಿಲ್ಲ. ಎರಡನೇ ವಾರಕ್ಕೆ, ಅಮ್ಮ ತಟ್ಟೆ ತಂದುಕೊಟ್ಟಾಗ ಕಣ್ಣೆತ್ತಿ ನೋಡಲಾಗಲಿಲ್ಲ. ನನಗೆ ಹಾಕುವ ಅನ್ನ ದಂಡ ಅನಿಸಿತ್ತು.

ನಾನು ಮಾಡಿದ ತಪ್ಪು ಇದೊಂದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಯಿಗೆ ಹೆದರುವವರು ದಿನಾ ಕೋಲು ಹಿಡಿದೇ ಆ ಬೀದಿ ದಾಟುತ್ತಾರೆ ಅಂದುಕೊಳ್ಳಿ. ನಾಯಿ ಒಂದು ದಿನವೂ ಕಚ್ಚುವುದಿಲ್ಲ. ಆದರೂ ಭಯ ಹೋಗುವುದಿಲ್ಲ, ಯಾಕೆಂದರೆ ಕಚ್ಚದೇ ಇದ್ದದ್ದು ಕೋಲಿನಿಂದ ಅಂತ ಮನಸ್ಸು ಬರೆದುಕೊಳ್ಳುತ್ತದೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಸುರಕ್ಷತಾ ವರ್ತನೆ ಅನ್ನುತ್ತಾರೆ. ನನ್ನ ಕೆಲಸದ ಪಟ್ಟಿ, ಅವರೆಕಾಯಿ, ರಾತ್ರಿಯ ಅರ್ಧ ಗಂಟೆ ಎಲ್ಲವೂ ಆ ಕೋಲೇ. ಭಾನುವಾರ ಕೂತರೂ ಲೋಕ ಮುಳುಗಲಿಲ್ಲ, ಆದರೆ ಆ ಪುಣ್ಯವೆಲ್ಲ ಪಟ್ಟಿಗೆ ಹೋಯಿತು. ‘ಸುಮ್ಮನೆ ಕೂತವಳಿಗೆ ಬೆಲೆಯಿಲ್ಲ’ ಎಂಬ ನಂಬಿಕೆ ಒಂದು ಸಲವೂ ಪರೀಕ್ಷೆಗೆ ಬರಲೇ ಇಲ್ಲ.

ಪಟ್ಟಿ ಮುಗಿದರೂ ನೆಮ್ಮದಿ ಬಾರದ್ದಕ್ಕೂ ಕಾರಣವಿದೆ. 2002ರಲ್ಲಿ ರೋಜ್ ಶಾಫ್ರನ್, ಜಫ್ರಾ ಕೂಪರ್, ಕ್ರಿಸ್ಟೋಫರ್ ಫೇರ್‌ಬರ್ನ್ ಎಂಬ ಸಂಶೋಧಕರು ಪರಿಪೂರ್ಣತೆಯ ಗೀಳನ್ನು ವಿವರಿಸುತ್ತಾ ಇದನ್ನೇ ಹೇಳಿದರು: ತನ್ನ ಬೆಲೆಯನ್ನು ಸಾಧನೆಯಿಂದಲೇ ಅಳೆಯುವವರು ಗುರಿ ಮುಟ್ಟಿದಾಗ, ಆ ಗುರಿಯೇ ಸುಲಭದ್ದಿತ್ತು ಅಂದುಕೊಂಡು ಅದನ್ನು ಇನ್ನೂ ಎತ್ತರಕ್ಕೆ ಏರಿಸುತ್ತಾರೆ. ಐದು ಕೆಲಸದ ಪಟ್ಟಿ ಏಳಾಗುವುದು ಹೀಗೆ.

ಆದ್ದರಿಂದ ‘ವಿಶ್ರಾಂತಿ ತಗೊಂಡ್ರೆ ಸೋಮವಾರ ಇನ್ನೂ ಚೆನ್ನಾಗಿ ಕೆಲಸ ಮಾಡ್ತೀರಿ’ ಎಂಬ ಸಲಹೆಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಮಾತು ನಿಜವೇ. ಆದರೆ ನಿಮ್ಮಂಥವರಿಗೆ, ನನ್ನಂಥವರಿಗೆ, ಅದು ಇನ್ನೊಂದು ಕೋಲು ಕೊಟ್ಟಂತೆ.

ಮಾಡಬೇಕಾದ್ದು ಇಷ್ಟು. ಮೊದಲು ಒಂದು ಹಾಳೆಯಲ್ಲಿ ಆ ಹೊತ್ತಿನ ಯೋಚನೆ ಬರೆದು, ಪ್ರತಿ ಸಾಲಿಗೂ ‘ಹಾಗಿದ್ರೆ ಏನರ್ಥ?’ ಅಂತ ಕೇಳುತ್ತಾ ಕೆಳಗಿಳಿಯಿರಿ. ನನ್ನದು ಹೀಗಿತ್ತು: ಬಟ್ಟೆ ಮಡಚದೆ ಕೂತಿದ್ದೀನಿ. ಹಾಗಿದ್ರೆ ಏನರ್ಥ? ಸಮಯ ಹಾಳು ಮಾಡ್ತಿದ್ದೀನಿ. ಹಾಗಿದ್ರೆ? ಬೇರೆಯವರು ದುಡೀತಿದ್ದಾರೆ, ನಾನು ಕೂತು ತಿಂತಿದ್ದೀನಿ. ಹಾಗಿದ್ರೆ? ನಾನು ಕೆಲಸಕ್ಕೆ ಬಾರದವಳು. ಇನ್ನು ಕೆಳಗೆ ಹೋಗಲಾಗದು, ಅಲ್ಲಿ ಗಂಟಲು ಕಟ್ಟುತ್ತದೆ. ತಳ ಸಿಕ್ಕಿದ್ದಕ್ಕೆ ಅದೇ ಗುರುತು. ನಮ್ಮ ಭಾಷೆಯಲ್ಲಿ ಮನುಷ್ಯನನ್ನು ಹಳಿಯುವ ಬೈಗುಳವೇ ‘ಕೆಲಸಕ್ಕೆ ಬಾರದವನು’. ಚಿಕ್ಕಂದಿನಿಂದ ಕೇಳಿದ್ದು ಒಳಗೆ ಇಳಿಯದೆ ಇರುತ್ತದೆಯೇ? ‘ಕಾಯಕವೇ ಕೈಲಾಸ’ ಅಂತ ಯಾರಾದರೂ ಚುಚ್ಚಿದರೆ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸಿ. ಗಂಡ ಮಾರಯ್ಯ ಆ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೇಕೆ ಅಂತ ಕೇಳಿ ವಾಪಸ್ ಸುರಿದು ಬರಲು ಕಳಿಸಿದವಳು ಅವಳು.

ತಳದ ಸಾಲು ಸಿಕ್ಕ ಮೇಲೆ ಅದನ್ನು ಪರೀಕ್ಷೆಗೆ ಇಡಿ. ಗಂಟೆಗಟ್ಟಲೆ ಬೇಡ, 20 ನಿಮಿಷ ಸಾಕು. ಬೇಕೆಂದೇ ಒಂದು ಕೆಲಸ ಬಾಕಿ ಇರುವಾಗ ಕೂರಿ, ಸಿಂಕಿನಲ್ಲಿ ನಾಲ್ಕು ಪಾತ್ರೆ ಇರಲಿ. ಕೂರುವ ಮುಂಚೆ ಎರಡು ಸಂಗತಿ ಬರೆಯಿರಿ: ಗಿಲ್ಟ್ ನೂರಕ್ಕೆ ಎಷ್ಟಾಗುತ್ತದೆ, ಮತ್ತು ನಿಮ್ಮ ಪ್ರಕಾರ ಏನು ಕೆಟ್ಟದ್ದಾಗುತ್ತದೆ. ಎರಡನೆಯದು ಕಣ್ಣಿಗೆ ಕಾಣುವಂಥದ್ದಾಗಿರಲಿ. ‘ಕೆಟ್ಟದಾಗುತ್ತೆ’ ಅಂದರೆ ಪರೀಕ್ಷಿಸಲಾಗದು. ‘ಸಂಜೆ ಅಡುಗೆ ಒಂಬತ್ತಕ್ಕೂ ಆಗಲ್ಲ, ಮನೆಯವರು ಮುಖ ಗಂಟು ಹಾಕ್ಕೋತಾರೆ’ ಅಂದರೆ ಪರೀಕ್ಷಿಸಬಹುದು. ಫೋನ್ ಬೇರೆ ಕೋಣೆಯಲ್ಲಿರಲಿ. ಫೋನ್ ನೋಡುತ್ತಾ ಕಳೆದದ್ದು ಗಿಲ್ಟ್‌ನಿಂದ ತಪ್ಪಿಸಿಕೊಂಡ ಹೊತ್ತು, ಪರೀಕ್ಷೆಗೆ ಲೆಕ್ಕವಿಲ್ಲ.

ನನ್ನ ಮೊದಲ ಸಲ 70 ಅಂತ ಬರೆದು ಕೂತೆ. ಕೆಲವೇ ನಿಮಿಷಕ್ಕೆ 85 ಆಯಿತು, ಎದ್ದು ನೀರಿನ ಮೋಟರ್ ಹಾಕಿ ಬರಬೇಕು ಅನಿಸಿತು. ಕೆಡುವುದು ಈ ಜಾಗದಲ್ಲೇ. ಏರಿದ್ದನ್ನು ನೋಡಿ ‘ನನಗಿದು ಆಗಲ್ಲ’ ಅಂತ ಎದ್ದರೆ, ಎದ್ದ ಕೂಡಲೇ ಸಿಗುವ ನಿರಾಳವೇ ಮುಂದಿನ ಸಲ ನಿಮ್ಮನ್ನು ಇನ್ನೂ ಬೇಗ ಎಬ್ಬಿಸುತ್ತದೆ. ಗಿಲ್ಟನ್ನು ಸಮಾಧಾನಪಡಿಸಲು ಹೋಗಬೇಡಿ, ಕಾರಣ ಕೊಡಬೇಡಿ, ಕೂತಿರಿ. ನನಗೆ ಇಪ್ಪತ್ತನೇ ನಿಮಿಷಕ್ಕೆ 60 ಇತ್ತು, ಅಷ್ಟೇ. ಸೊನ್ನೆ ಆಗಬೇಕಿಲ್ಲ. ನೋಡಬೇಕಾದ್ದು ಎರಡನೇ ಸಾಲನ್ನು: ಅಡುಗೆ ಎಂಟೂವರೆಗೆ ಆಗಿತ್ತು, ಯಾರ ಮುಖವೂ ಗಂಟಾಗಿರಲಿಲ್ಲ.

ಎದ್ದ ಮೇಲಿನ ನಿಯಮವೇ ಮುಖ್ಯ: ಸಾಲ ತೀರಿಸಬಾರದು. ಪಾತ್ರೆ ತೊಳೆಯಿರಿ, ಹೇಗೂ ತೊಳೆಯಬೇಕಿತ್ತು. ಜೊತೆಗೆ ಒಲೆ ಕಟ್ಟೆಯನ್ನೂ ಉಜ್ಜಿದರೆ 20 ನಿಮಿಷ ನೀರಿನಲ್ಲಿ ಹೋಮ. ಕೈ ವೇಗವಾಗಿ ಓಡುತ್ತಿದೆಯೇ ಅಂತ ಗಮನಿಸಿ, ತೀರಿಸುತ್ತಿರುವುದು ಮೊದಲು ಗೊತ್ತಾಗುವುದು ಅದರಿಂದಲೇ. ವಾರಕ್ಕೆ ಮೂರು ಸಲ ಮಾಡಿ, ಅಭ್ಯಾಸವಾದಂತೆ ಹೊತ್ತು ಹೆಚ್ಚಿಸಿ. ಆದರೆ ದಿನ ತಪ್ಪಿಸದೆ ಮಾಡಿದ ದಾಖಲೆ ಇಡಬೇಡಿ, ಅದೂ ಇನ್ನೊಂದು ಪಟ್ಟಿಯಾಗುತ್ತದೆ.

ಎರಡು ಸಂದರ್ಭದಲ್ಲಿ ಇದು ಕೆಲಸ ಮಾಡದು. ನೀವು ಕೂತರೆ ಮನೆಯಲ್ಲಿ ನಿಜವಾಗಿಯೂ ಬೈಯುವವರಿದ್ದರೆ, ಎಲ್ಲ ಕೆಲಸ ನಿಮ್ಮೊಬ್ಬರ ಮೇಲೇ ಬಿದ್ದಿದ್ದರೆ, ಅದು ನಂಬಿಕೆಯ ತೊಂದರೆಯಲ್ಲ, ಕೆಲಸ ಹಂಚಿಕೆಯ ತೊಂದರೆ. ಅದನ್ನು ಹಾಳೆಯ ಮೇಲಲ್ಲ, ಮನೆಯವರ ಮುಂದೆ ಬಿಡಿಸಬೇಕು. ಇನ್ನೊಂದು, ಎರಡು ವಾರಕ್ಕೂ ಮೀರಿ ದಿನವಿಡೀ ‘ನಾನು ಪ್ರಯೋಜನಕ್ಕಿಲ್ಲ’ ಅನಿಸುತ್ತಾ, ನಿದ್ದೆ ಊಟ ಕೆಟ್ಟು, ಇಷ್ಟದ ಕೆಲಸವೂ ರುಚಿಸದಿದ್ದರೆ ಅದು ಖಿನ್ನತೆ ಇರಬಹುದು. ಆಗ ಈ ಪ್ರಯೋಗ ಬದಿಗಿಟ್ಟು ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.