ಮೊಣಕಾಲಿನ ಎಕ್ಸ್‌ರೇ ಏನನ್ನು ತೋರಿಸಬಲ್ಲದು

ಪ್ರಶ್ನೆ: ಜಾರಿ ಬಿದ್ದು ಮೊಣಕಾಲು ಊದಿಕೊಂಡಿತ್ತು. ಎಕ್ಸ್‌ರೇ ನಾರ್ಮಲ್ ಎಂದು ಬಂತು, ಆದರೆ ಆಮೇಲೆ ಎಂಆರ್‌ಐ ಮಾಡಿಸಿದಾಗ ಲಿಗಮೆಂಟ್ ಹರಿದಿದೆ ಎಂದರು. ಮೂಳೆ ಅಷ್ಟು ಚೆನ್ನಾಗಿ ಕಾಣುವಾಗ ಲಿಗಮೆಂಟ್ ಯಾಕೆ ಕಾಣಲಿಲ್ಲ?

ನಾನು ಎಕ್ಸ್‌ರೇ ತೆಗೆಯುವ ಕೆಲಸದಲ್ಲಿರುವವನು, ಆದ್ದರಿಂದ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನಿಮ್ಮ ಎಕ್ಸ್‌ರೇ ತಪ್ಪಾಗಿ ತೆಗೆದದ್ದೇ ಆಗಬೇಕಿಲ್ಲ; ಚೆನ್ನಾಗಿ ತೆಗೆದ ಎಕ್ಸ್‌ರೇಯಲ್ಲಿಯೂ ಲಿಗಮೆಂಟ್ ಕಾಣುವುದಿಲ್ಲ.

ಎಕ್ಸ್‌ರೇ ಚಿತ್ರವೆಂದರೆ ಒಂದು ನೆರಳು. ಕಿರಣಗಳನ್ನು ಹೆಚ್ಚು ತಡೆದ ಜಾಗ ಬಿಳಿಯಾಗಿಯೂ, ಹಾದುಹೋಗಲು ಬಿಟ್ಟ ಜಾಗ ಕಪ್ಪಾಗಿಯೂ ಮೂಡುವುದರಿಂದ, ಅಕ್ಕಪಕ್ಕದ ಎರಡು ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ತಡೆದರೆ ಮಾತ್ರ ಅವುಗಳ ನಡುವೆ ಗೆರೆ ಕಾಣುತ್ತದೆ. ಮೊಣಕಾಲಿಗೆ ಬಳಸುವ ಕಡಿಮೆ ಶಕ್ತಿಯ ಕಿರಣಗಳನ್ನು ಪರಮಾಣುಗಳು ಹೀರಿಕೊಳ್ಳುವ ಪ್ರಮಾಣವು ಪರಮಾಣು ಸಂಖ್ಯೆಯ ಸುಮಾರು ಘನದಷ್ಟು ಏರುತ್ತದೆ, ಅಂದರೆ ಸಂಖ್ಯೆ ಎರಡು ಪಟ್ಟಾದರೆ ಹೀರಿಕೆ ಎಂಟು ಪಟ್ಟಾಗುತ್ತದೆ. ಮೂಳೆಯಲ್ಲಿ ಕ್ಯಾಲ್ಸಿಯಂ (20) ಮತ್ತು ರಂಜಕ (15) ಇವೆ. ಸ್ನಾಯು, ಲಿಗಮೆಂಟ್, ರಕ್ತ ಇವೆಲ್ಲವೂ ಹೆಚ್ಚಾಗಿ ಜಲಜನಕ, ಇಂಗಾಲ, ಸಾರಜನಕ ಮತ್ತು ಆಮ್ಲಜನಕಗಳಿಂದಾದವು. ಅವುಗಳಲ್ಲಿ ಅತಿ ದೊಡ್ಡ ಸಂಖ್ಯೆ 8. ಮೂಳೆ ಹೆಚ್ಚು ಸಾಂದ್ರವೂ ಆಗಿರುವುದರಿಂದ ಅಂತರ ಇನ್ನಷ್ಟು ಹಿಗ್ಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. 40 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನೂರು ಕಿರಣಕಣಗಳು ಒಂದು ಸೆಂಟಿಮೀಟರ್ ದಪ್ಪದ ಗಟ್ಟಿ ಮೂಳೆಗೆ ಬಿದ್ದರೆ ಸುಮಾರು 28 ಆಚೆ ಬರುತ್ತವೆ. ಅಷ್ಟೇ ದಪ್ಪದ ಸ್ನಾಯುವಿನಲ್ಲಿ ಸುಮಾರು 75, ನೀರಿನಲ್ಲಿ 76. ಮೂಳೆಗೂ ಸ್ನಾಯುವಿಗೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ, ಆದರೆ 75 ಮತ್ತು 76ರ ನಡುವಿನದು ಕಾಣುವುದಿಲ್ಲ. ನಿಮ್ಮ ಲಿಗಮೆಂಟ್ ಇದ್ದದ್ದು ಈ ಎರಡನೆಯ ಗುಂಪಿನಲ್ಲಿ, ಅದೂ ಕೀಲಿನ ದ್ರವದ ಮಧ್ಯೆ. ಮೇಲಾಗಿ ಇಡೀ ಮೊಣಕಾಲಿನ ದಪ್ಪವೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ನೆರಳಾಗಿರುತ್ತದೆ.

ಕಿರಣದ ಶಕ್ತಿಯನ್ನು ತಗ್ಗಿಸಿದರೆ ಮೃದು ಅಂಗಾಂಶಗಳ ವ್ಯತ್ಯಾಸ ಹೆಚ್ಚುತ್ತದೆ ಎಂಬುದು ನಿಜ. ಸ್ತನದ ಮ್ಯಾಮೊಗ್ರಾಂನಲ್ಲಿ 25ರಿಂದ 30 ಕಿಲೋವೋಲ್ಟ್ ಬಳಸುವುದು ಇದಕ್ಕಾಗಿಯೇ. ಆದರೆ ಅಲ್ಲಿ ಸ್ತನವನ್ನು ಒತ್ತಿ ತೆಳುವಾಗಿಸಬಹುದು, ಒಳಗೆ ಮೂಳೆಯೂ ಇರುವುದಿಲ್ಲ. ಮೊಣಕಾಲಿನಲ್ಲಿ ಹಾಗೆ ಮಾಡಿದರೆ ಕಿರಣ ಆಚೆಗೆ ಬಾರದೆ ದೇಹದಲ್ಲಿಯೇ ಉಳಿಯುತ್ತದೆ, ಚಿತ್ರ ಸಿಗದೆ ಡೋಸ್ ಮಾತ್ರ ಹೆಚ್ಚುತ್ತದೆ.

ಮೃದು ಅಂಗಾಂಶಗಳಲ್ಲಿ ಕೊಬ್ಬು ಮಾತ್ರ ಸ್ವಲ್ಪ ಭಿನ್ನ. ಅದು ಕಡಿಮೆ ತಡೆಯುವುದರಿಂದ ತುಸು ಕಪ್ಪಾಗಿ ಕಾಣುತ್ತದೆ, ಮತ್ತು ನಮಗೆ ಇದರಿಂದ ಬಹಳ ಉಪಯೋಗವಿದೆ. ಕೀಲಿನಲ್ಲಿ ದ್ರವ ತುಂಬಿದಾಗ ಮೊಣಚಿಪ್ಪಿನ ಮೇಲ್ಭಾಗದ ಕೊಬ್ಬು ಪಕ್ಕಕ್ಕೆ ಸರಿದಿರುವುದು ಪಕ್ಕದಿಂದ ತೆಗೆದ ಚಿತ್ರದಲ್ಲಿ ಕಾಣುತ್ತದೆ. ರೋಗಿಯನ್ನು ಮಲಗಿಸಿ ಕಿರಣವನ್ನು ಅಡ್ಡಲಾಗಿ ಹಾಯಿಸಿದಾಗ ರಕ್ತದ ಮೇಲೆ ಕೊಬ್ಬು ತೇಲಿ ಸಮತಟ್ಟಾದ ಗೆರೆಯೊಂದು ಕಂಡರೆ, ಮೂಳೆಯ ಮಜ್ಜೆ ಕೀಲಿನೊಳಕ್ಕೆ ಸೋರಿದೆ ಎಂದೂ, ಎಲ್ಲೋ ಒಂದು ಸಣ್ಣ ಬಿರುಕು ಅಡಗಿರಬಹುದೆಂದೂ ನಾವು ಅನುಮಾನಿಸುತ್ತೇವೆ.

ಲಿಗಮೆಂಟ್ ವಿಷಯದಲ್ಲಿ ಎಕ್ಸ್‌ರೇ ಕೊಡಬಲ್ಲದ್ದು ಪರೋಕ್ಷ ಸುಳಿವು ಮಾತ್ರ. ಮೊಣಕಾಲಿನ ಕೆಳಗಿನ ಮೂಳೆಯ ಹೊರ ಅಂಚಿನಿಂದ ಸಣ್ಣ ಚೂರೊಂದು ಕಿತ್ತು ಬಂದಿದ್ದರೆ ಅದನ್ನು ಸೆಗೊಂಡ್ ಮುರಿತ ಎನ್ನುತ್ತಾರೆ, ಮತ್ತು ಅದು ಕಂಡಾಗ ಮುಂಭಾಗದ ಅಡ್ಡ ಲಿಗಮೆಂಟ್ ಕೂಡ ಹರಿದಿರುವ ಸಾಧ್ಯತೆ ಬಹಳ ಹೆಚ್ಚು. ಆದರೆ ಹರಿದ ಬಹುತೇಕ ಮೊಣಕಾಲುಗಳಲ್ಲಿ ಆ ಚೂರು ಇರುವುದಿಲ್ಲ. ಅಂಥ ಎಕ್ಸ್‌ರೇಯ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬರೆದಿರುವುದು ಮೂಳೆಯ ಬಗ್ಗೆ ಮಾತ್ರ.