ಲಾಯರ್ ಆಗಬೇಕು ಅಂದ ಹುಡುಗಿಗೆ ಯಾವ ಸಿನಿಮಾ ಹೇಳೋದು?

ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಇವಳನ್ನು ರಶ್ಮಿ ಎನ್ನೋಣ. ಬೆಂಗಳೂರಿನಲ್ಲಿ ದ್ವಿತೀಯ ಪಿಯುಸಿ ಕಾಮರ್ಸ್ ಓದುತ್ತಿದ್ದಾಳೆ. ತಂದೆಯದು ಹಾರ್ಡ್‌ವೇರ್ ಅಂಗಡಿ. ವೃತ್ತಿ ಆಯ್ಕೆಯ ಸಲಹೆ ಕೇಳಲು ನನ್ನ ಬಳಿ ಅವಳ ಜೊತೆಗೆ ಬಂದವರು ಅವರೇ.

"ಮೇಡಂ, ಸಿನಿಮಾ ನೋಡಿ ಇವಳಿಗೆ ಲಾಯರ್ ಆಗೋ ಹುಚ್ಚು ಹಿಡಿದಿದೆ. ನಮ್ಮ ಮನೇಲಿ ಯಾರೂ ಕೋರ್ಟ್ ಮೆಟ್ಟಿಲು ಹತ್ತಿದವರಲ್ಲ" ಅಂದರು. ರಶ್ಮಿ ಸುಮ್ಮನಿರಲಿಲ್ಲ. "ಹಾಗಾದ್ರೆ ನಿಜವಾದ ಕೆಲಸ ತೋರಿಸೋ ಸಿನಿಮಾನೇ ಹೇಳಿ ಮೇಡಂ. ನೋಡ್ತೀನಿ, ಆಮೇಲೆ ನಿರ್ಧಾರ ಮಾಡ್ತೀನಿ."

ನನಗೆ ಈ ಬೇಡಿಕೆ ತುಂಬಾ ಸರಿ ಅನ್ನಿಸಿತು. ಹದಿನೇಳು ವರ್ಷದ ಮಗುವಿಗೆ ವಕೀಲರ ಕಚೇರಿಯ ಒಳಗೆ ಪ್ರವೇಶ ಸುಲಭವಾಗಿ ಸಿಗೋದಿಲ್ಲ. ಸಿನಿಮಾ ಸಿಗುತ್ತದೆ. ಯಾವುದನ್ನು ನೋಡಬೇಕು, ಹೇಗೆ ನೋಡಬೇಕು ಅನ್ನೋದಷ್ಟೇ ಪ್ರಶ್ನೆ.

ಈಗಾಗಲೇ ನೋಡಿದ ಸಿನಿಮಾದಲ್ಲಿ ಅವಳಿಗೆ ಇಷ್ಟವಾದ ದೃಶ್ಯ ಯಾವುದೆಂದು ಕೇಳಿದೆ. ಹೀರೋ ಕೊನೆಯಲ್ಲಿ ಮಾಡುವ ವಾದ ಅಂದಳು. "ಸರಿ. ಅದೇ ಕೇಸಿನ ಹಿಂದಿನ ವಾಯಿದೆಯಲ್ಲಿ ಏನಾಗಿತ್ತು?" ಅಂದೆ. ಯೋಚಿಸಿದಳು. ಸಿನಿಮಾ ಅದನ್ನು ತೋರಿಸಿರಲಿಲ್ಲ. ಅಪರಾಧದ ನಂತರ ನೇರವಾಗಿ ದೊಡ್ಡ ವಾದ, ಅದರ ಬೆನ್ನಿಗೇ ತೀರ್ಪು.

ನಿಜವಾದ ಕ್ರಿಮಿನಲ್ ಕೇಸಿನಲ್ಲಿ ಈ ನಡುವಿನ ಭಾಗವೇ ವಕೀಲರ ಬದುಕು. ಪೊಲೀಸರು ದೋಷಾರೋಪಣ ಪಟ್ಟಿ ಸಲ್ಲಿಸಬೇಕು, ಕೋರ್ಟು ಆರೋಪ ನಿಗದಿ ಮಾಡಬೇಕು. ಆಮೇಲೆ ಒಬ್ಬೊಬ್ಬರೇ ಸಾಕ್ಷಿಗಳು ಬರಬೇಕು. ಪ್ರತಿ ಸಾಕ್ಷಿಗೂ ಮೊದಲು ಕರೆಸಿದವರ ವಕೀಲರಿಂದ ಮುಖ್ಯ ವಿಚಾರಣೆ, ನಂತರ ಎದುರು ಪಕ್ಷದ ವಕೀಲರಿಂದ ಪಾಟಿ ಸವಾಲು. ಅದೆಲ್ಲ ಮುಗಿದ ಮೇಲೆ ಆರೋಪಿಯ ಹೇಳಿಕೆ, ಕೊನೆಯಲ್ಲಿ ವಾದ. ಸಾಕ್ಷಿ ಬರದಿದ್ದರೆ ಮತ್ತೊಂದು ವಾಯಿದೆ. ಇದು ವರ್ಷಗಟ್ಟಲೆ ಎಳೆಯಬಹುದು. ಈ ನಡುವಿನ ಭಾಗವನ್ನು ತೋರಿಸುವ ಚಿತ್ರವನ್ನೇ ಹುಡುಕು ಅಂತ ರಶ್ಮಿಗೆ ಹೇಳಿದೆ.

ಹಾಗೆ ಹುಡುಕಿದರೆ ನಮ್ಮ ದೇಶದಲ್ಲಿ ಮೊದಲು ಸಿಗುವುದು ಚೈತನ್ಯ ತಮ್ಹಾಣೆ ಅವರ 2014ರ 'ಕೋರ್ಟ್'. ಬಹುಪಾಲು ಮರಾಠಿಯಲ್ಲಿದೆ. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಬಂದಿದೆ. ಮುಂಬೈಯಲ್ಲಿ ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕನೊಬ್ಬ ಸಾಯುತ್ತಾನೆ. ಒಬ್ಬ ಜನಪದ ಗಾಯಕನ ಹಾಡು ಕೇಳಿ ಅವನು ಆತ್ಮಹತ್ಯೆ ಮಾಡಿಕೊಂಡ ಅಂತ ಪೊಲೀಸರು ಆ ವೃದ್ಧ ಗಾಯಕನ ಮೇಲೆ ಕೇಸು ಹಾಕುತ್ತಾರೆ. ಕಥೆ ಇಷ್ಟೇ. ಯಾರೂ ಮೇಜು ಗುದ್ದುವುದಿಲ್ಲ. ಸರ್ಕಾರಿ ವಕೀಲೆ ಕಾನೂನಿನ ಪುಟಗಳನ್ನು ಒಂದೇ ದನಿಯಲ್ಲಿ ಓದುತ್ತಾ ಹೋಗುತ್ತಾರೆ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ತಮ್ಮ ಮಾತಿನಲ್ಲಿ ಟೈಪಿಸ್ಟಿಗೆ ಹೇಳಿ ಬರೆಸುತ್ತಾರೆ. ತೋಳಿಲ್ಲದ ಉಡುಪು ತೊಟ್ಟು ಬಂದ ಮಹಿಳೆಯ ಕೇಸನ್ನು ಆ ಕಾರಣಕ್ಕೇ ಮುಂದೂಡುತ್ತಾರೆ.

ಸುಮ್ನೆ ನೋಡಬೇಡ, ಮೂರು ವಿಷಯ ಬರೆದಿಟ್ಟುಕೋ ಅಂದೆ. ವಕೀಲರು ಮಾತಾಡುವುದು ಎಷ್ಟು, ಕಾಯುವುದು ಎಷ್ಟು? ಕೇಸು ನಿಜವಾಗಿ ಮುಂದೆ ಸರಿಯುವುದು ಯಾವ ಕ್ಷಣದಲ್ಲಿ? ಕೋರ್ಟು ಮುಗಿದ ಮೇಲೆ ಇಬ್ಬರು ವಕೀಲರ ಸಂಜೆ ಹೇಗಿರುತ್ತದೆ?

ಮುಂದಿನ ಸಲ ಬಂದಾಗ ಅವಳ ನೋಟ್‌ಬುಕ್ಕಿನಲ್ಲಿ ಒಳ್ಳೆಯ ವಿಷಯಗಳಿದ್ದವು. "ಮೊದಲರ್ಧ ಗಂಟೆ ತುಂಬಾ ಬೋರ್ ಆಯ್ತು ಮೇಡಂ. ಆಮೇಲೆ ಆ ಹೆಂಡತಿ ಬಂದ್ಳು." ಸತ್ತ ಕಾರ್ಮಿಕನ ಹೆಂಡತಿಯನ್ನು ಪ್ರಶ್ನಿಸುವ ದೃಶ್ಯ ಅದು. ಆರೋಪಿ ಪರ ವಕೀಲ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಾನೆ. ಗಂಡನಿಗೆ ಕೆಲಸದಲ್ಲಿ ರಕ್ಷಣೆಯ ಸಾಮಾನು ಕೊಡುತ್ತಿರಲಿಲ್ಲ, ನಾತ ತಡೆಯಲು ಕುಡಿಯುತ್ತಿದ್ದ ಅನ್ನುವುದು ಒಂದೊಂದಾಗಿ ಹೊರಬರುತ್ತದೆ. ಆತ್ಮಹತ್ಯೆಯ ಕಥೆ ಅಲ್ಲೇ ಸಡಿಲವಾಗುತ್ತದೆ. "ಅಲ್ಲಿ ಯಾರೂ ಕಿರುಚಲಿಲ್ಲ. ಏನು ಕೇಳಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತು, ಅಲ್ವಾ?" ಅಂದಳು.

ಹೌದು. ಪಾಟಿ ಸವಾಲು ಮಾಡುವವರು ಕೋರ್ಟಿಗೆ ಬರುವ ಮೊದಲೇ ಕಾಗದಪತ್ರಗಳನ್ನು ಓದಿ, ಎಲ್ಲಿ ಹೊಂದಾಣಿಕೆಯಿಲ್ಲ ಎಂದು ಗುರುತಿಸಿ, ಪ್ರಶ್ನೆಗಳ ಸಾಲು ಬರೆದುಕೊಂಡಿರುತ್ತಾರೆ. ರಶ್ಮಿಗೆ ಇಷ್ಟವಾಗಿದ್ದು ಈ ತಯಾರಿ. ಕೊನೆಯ ವಾದವೇ ಇಷ್ಟ ಅಂದಿದ್ದ ಹುಡುಗಿ ಇವಳೇ. ವೃತ್ತಿಯ ಆಯ್ಕೆಗೆ ನನಗೆ ಬೇಕಿದ್ದ ಸುಳಿವು ಅಲ್ಲಿತ್ತು.

ಅವಳ ತಂದೆಗೂ ಆ ಚಿತ್ರ ನೋಡಲು ಹೇಳಿದ್ದೆ. ಅವರ ಕಣ್ಣಿಗೆ ಬಿದ್ದದ್ದು ಬೇರೆ. ಸರ್ಕಾರಿ ವಕೀಲೆ ರೈಲಿನಲ್ಲಿ ಮನೆಗೆ ಹೋಗಿ ಅಡುಗೆ ಮಾಡಿ ಬಡಿಸುತ್ತಾರೆ. ಇನ್ನೊಬ್ಬ ವಕೀಲ ಅನುಕೂಲಸ್ಥ, ಸ್ವಂತ ಕಾರಿನಲ್ಲಿ ಓಡಾಡುತ್ತಾನೆ. "ಹಾಗಾದ್ರೆ ಮನೆಯ ಬೆಂಬಲ ಇದ್ದವರಿಗೆ ಮಾತ್ರ ಇದು ಸುಲಭನಾ ಮೇಡಂ?" ಎಂದು ಕೇಳಿದರು. ಗಟ್ಟಿ ಪ್ರಶ್ನೆ. ಸೀನಿಯರ್ ಕೈಕೆಳಗೆ ಜೂನಿಯರ್ ಆಗಿರುವ ಮೊದಲ ವರ್ಷಗಳಲ್ಲಿ ಆದಾಯ ಕಡಿಮೆ. ಅಷ್ಟು ಕಾಲ ಮನೆಯ ಆಸರೆ ಬೇಕಾಗಬಹುದು. ಅದನ್ನು ಈಗಲೇ ಲೆಕ್ಕ ಹಾಕಿ ಅಂದೆ.

ವಿದೇಶಿ ಚಿತ್ರಗಳನ್ನೂ ನೋಡಬಹುದಾ ಎಂದು ರಶ್ಮಿ ಕೇಳಿದಳು. ಮೊದಲು ಕಥೆ ಬರೆದವರು ಯಾರು ಎಂದು ನೋಡು ಅಂದೆ. 1959ರ 'ಅನಾಟಮಿ ಆಫ್ ಎ ಮರ್ಡರ್' ಚಿತ್ರದ ಮೂಲ ಕಾದಂಬರಿ ಬರೆದವರು ಜಾನ್ ವೋಲ್ಕರ್. ಅಮೆರಿಕದ ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು. ತಾವೇ ವಾದಿಸಿದ್ದ ಕೊಲೆ ಕೇಸನ್ನು ಆಧಾರವಾಗಿಟ್ಟುಕೊಂಡಿದ್ದರು. ಕಕ್ಷಿದಾರನ ಜೊತೆ ಕೂತು ಕೇಸು ಕಟ್ಟುವುದು ಆ ಚಿತ್ರದಲ್ಲಿ ಚೆನ್ನಾಗಿ ಬಂದಿದೆ. ಆದರೆ ಅಲ್ಲಿ ತೀರ್ಮಾನ ಸಾಮಾನ್ಯ ನಾಗರಿಕರ ಗುಂಪಾದ ಜ್ಯೂರಿಯದು. ನಮ್ಮ ಕ್ರಿಮಿನಲ್ ಕೋರ್ಟುಗಳಲ್ಲಿ ಜ್ಯೂರಿ ಈಗ ಇಲ್ಲ. ಜ್ಯೂರಿಯ ಮನ ಗೆಲ್ಲುವ ಭಾಷಣ ನೋಡಿ ಇಲ್ಲಿನ ವಕಾಲತ್ತನ್ನು ಅಳೆಯಬಾರದು. ಹಳೆಯ ಭಾರತೀಯ ಚಿತ್ರಗಳಲ್ಲಿ ಕೇಳಿಬರುವ ಸೆಕ್ಷನ್‌ಗಳೂ ಬದಲಾಗಿವೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮಹತ್ಯೆಗೆ ಪ್ರಚೋದನೆ ಹಿಂದೆ 306, ಈಗ 108.

ಸಿನಿಮಾ ತಪ್ಪು ಹೇಳುತ್ತಿದೆಯಾ ಎಂದು ಪರೀಕ್ಷಿಸುವ ದಾರಿಯನ್ನೂ ಕೊಟ್ಟೆ. ಪತ್ರಿಕೆಯಲ್ಲಿ ಓದಿದ ಒಂದು ಬೆಂಗಳೂರಿನ ಕೇಸನ್ನು ಆರಿಸಿಕೊಂಡು services.ecourts.gov.in ತಾಣದ Case Status ವಿಭಾಗದಲ್ಲಿ ಹುಡುಕಬೇಕು. ಪ್ರತಿ ವಾಯಿದೆಯ ತಾರೀಖು ಮತ್ತು ಅದು ಯಾತಕ್ಕೆ ಎಂಬುದು ಅಲ್ಲಿ ಸಾಲಾಗಿ ಬರುತ್ತದೆ. ಸಾಕ್ಷಿಗೆಂದೇ ಎಷ್ಟು ತಾರೀಖು ಹೋಗಿದೆ ನೋಡು ಅಂದೆ. ರಶ್ಮಿ ಅದನ್ನು ಮಾಡಿ ತಂದೆಗೆ ತೋರಿಸಿದಳು. ಆ ಪಟ್ಟಿಯನ್ನು ಅವರು ತುಂಬಾ ಹೊತ್ತು ನೋಡಿದರಂತೆ.

ಆದರೂ ಒಂದು ದೊಡ್ಡ ಕೊರತೆ ಉಳಿಯುತ್ತದೆ. ವಕೀಲರಲ್ಲಿ ಜಾಸ್ತಿ ಜನ ಮಾಡುವ ಕೆಲಸ ಸಿನಿಮಾಕ್ಕೆ ಬರುವುದೇ ಇಲ್ಲ. ಬೆಂಗಳೂರಿನಲ್ಲಿ ಸೈಟು ಕೊಳ್ಳುವವರಿಗೆ ಹಳೆಯ ಕ್ರಯಪತ್ರ, ಋಣಭಾರ ಪತ್ರ, ಖಾತಾ ನೋಡಿ ಅಭಿಪ್ರಾಯ ಕೊಡುವುದು, ಪಾಲಿನ ದಾವೆಗೆ ಅರ್ಜಿ ಬರೆಯುವುದು, ಕಂಪನಿಗಳ ಕರಾರು ತಿದ್ದುವುದು, ಇವುಗಳನ್ನು ತೆರೆಯ ಮೇಲೆ ಹುಡುಕಿದರೆ ಸಿಗುವುದು ಕಷ್ಟ. ಅದಕ್ಕೆ ಬೇರೆ ದಾರಿಯೇ ಬೇಕು.

ಕೊನೆಯ ಸಲ ಕೊಟ್ಟ ಸಲಹೆ ಹೀಗಿತ್ತು. ಪರೀಕ್ಷೆ ಮುಗಿದ ಮೇಲೆ ತಂದೆ, ಮಗಳು ಇಬ್ಬರೂ ಸಿವಿಲ್ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಒಂದು ಪೂರ್ತಿ ಬೆಳಗ್ಗೆ ಕೂರಬೇಕು. ವಿಚಾರಣೆ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ, ಫೋನ್ ಮಾತ್ರ ಸ್ವಿಚ್ ಆಫ್. ಅಂಗಡಿಯ ಕಾಗದಪತ್ರ ನೋಡಿಕೊಡುವ ವಕೀಲರಿದ್ದಾರೆ. ಅವರನ್ನು ಕೇಳಿ, ಹಳೆಯ ಕ್ರಯಪತ್ರ ಒಂದನ್ನು ಅವರು ಹೇಗೆ ಓದುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಬೇಕು. ಅದು ಬೋರ್ ಆಗದಿದ್ದರೆ ಕಾನೂನು ಕಾಲೇಜಿಗೆ ಅರ್ಜಿ ಹಾಕಲಿ. ಬೋರ್ ಆದರೂ ಪಾಟಿ ಸವಾಲಿನ ಸೆಳೆತ ಉಳಿದಿದ್ದರೆ ಮತ್ತೆ ಬಂದು ಮಾತಾಡೋಣ ಅಂದಿದ್ದೇನೆ.